ಅಡ್ವಾನ್ಸ್ ವಾಪಸ್ ಕೇಳಿ ನಾನು ಬರೆದ ಎರಡು ಪತ್ರ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರಿಗೆಲ್ಲ ಈ ಮಾತು ಗೊತ್ತಿರುತ್ತದೆ: "ಹೊಸಬರು ಬಂದು ಅಡ್ವಾನ್ಸ್ ಕೊಡಲಿ, ಆಮೇಲೆ ನಿಮ್ಮದು ಕೊಡ್ತೀವಿ." ನಾನೂ ಒಂದು ತಿಂಗಳು ಇದನ್ನೇ ಕೇಳಿದೆ. ಕೊನೆಗೆ ದುಡ್ಡು ಬಂದದ್ದು ಒಂದು ಪುಟದ ಪತ್ರದಿಂದ. ಆದರೆ ಅದು ಎರಡನೇ ಪತ್ರ. ಮೊದಲನೆಯದು ಯಾಕೆ ಕೆಲಸಕ್ಕೆ ಬರಲಿಲ್ಲ ಅನ್ನೋದನ್ನೂ ಹೇಳುತ್ತೇನೆ.

ವಿಜಯನಗರದ ಕಡೆ ಎರಡು ಬೆಡ್‌ರೂಮಿನ ಮನೆ. ನಾನು, ಅಮ್ಮ ಇಬ್ಬರೇ. ಜುಲೈ 2021ರಲ್ಲಿ ಹೋದಾಗ ಬಾಡಿಗೆ 18,000, ಅಡ್ವಾನ್ಸ್ ಒಂದು ಲಕ್ಷ. ಹನ್ನೊಂದು ತಿಂಗಳ ಅಗ್ರಿಮೆಂಟ್, ಪ್ರತಿ ಸಲ ನವೀಕರಿಸುವಾಗ ಶೇಕಡಾ 5 ಜಾಸ್ತಿ. ಹಾಗೆ ಬಾಡಿಗೆ 18,900 ಆಗಿ, ಆಮೇಲೆ 19,845 ಆಯಿತು. ಮೂರು ಅಗ್ರಿಮೆಂಟ್ ಮುಗಿದು 31 ಮಾರ್ಚ್ 2024ರಂದು ಖಾಲಿ ಮಾಡಿದೆವು. ಒಂದು ತಿಂಗಳು ಮೊದಲೇ ತಿಳಿಸಬೇಕು ಅಂತ ಅಗ್ರಿಮೆಂಟಿನಲ್ಲಿತ್ತು, ಫೆಬ್ರವರಿ 27ಕ್ಕೇ ವಾಟ್ಸಾಪ್ ಮಾಡಿದ್ದೆ. ಒಂದು ದಿನ ತಡವಾಗಿದ್ದರೂ ಒಂದು ತಿಂಗಳ ಬಾಡಿಗೆ ಹಿಡಿಯೋಕೆ ಕಾರಣ ಸಿಗುತ್ತಿತ್ತು.

ಖಾಲಿ ಮಾಡಿದ ದಿನ ಓನರ್ ಆಂಟಿ ಮೇಲಿನಿಂದ ಇಳಿದು ಬಂದು ಮನೆಯೆಲ್ಲ ನೋಡಿದರು. ಬಚ್ಚಲಿನ ವಾಶ್ ಬೇಸಿನ್ ಬಿರುಕು ಬಿಟ್ಟಿತ್ತು. ಅದು ನಮ್ಮಿಂದಲೇ ಆದದ್ದು, ನಾನೇ ತೋರಿಸಿದೆ. "ಅದೊಂದು ಬಿಟ್ಟರೆ ಎಲ್ಲಾ ಸರಿ ಇದೆ ಕಣಮ್ಮ" ಅಂದರು. ಎರಡೂ ಬೀಗದ ಕೈ ಕೊಟ್ಟು, ಕರೆಂಟ್ ಮೀಟರಿನ ಫೋಟೋ ತೆಗೆದು, ಖಾಲಿ ಮನೆಯ ವಿಡಿಯೋ ಮಾಡಿಕೊಂಡು ಹೊರಟೆ. ರಾತ್ರಿ ಹೊಸ ಮನೆಯಿಂದ ಅವರಿಗೆ ಒಂದು ಮೆಸೇಜ್ ಹಾಕಿದೆ: "ಆಂಟಿ, ಇವತ್ತು ಸಂಜೆ ಎರಡು ಬೀಗದ ಕೈ ಕೊಟ್ಟಿದ್ದೇನೆ. ಮೀಟರ್ ಫೋಟೋ ಕಳಿಸಿದ್ದೇನೆ. ನೀವು ಮನೆ ನೋಡಿದಾಗ ವಾಶ್ ಬೇಸಿನ್ ಬಿಟ್ಟು ಬೇರೆ ಏನೂ ರಿಪೇರಿ ಇಲ್ಲ ಅಂದಿರಿ." ಅವರು "ಸರಿ ಅಮ್ಮ" ಅಂತ ಉತ್ತರ ಕೊಟ್ಟರು. ಆ ಎರಡು ಪದ ಮುಂದೆ ನನಗೆ ತುಂಬಾ ಸಹಾಯಕ್ಕೆ ಬಂತು.

ಏಪ್ರಿಲ್ ಪೂರ್ತಿ ಫೋನ್ ಮಾಡಿದೆ. ಆಂಟಿ "ಮಗನನ್ನ ಕೇಳು" ಅಂದರು, ಮಗ "ಮುಂದಿನ ವಾರ" ಅಂದರು. ಮೂರನೇ ವಾರ ಮಗನಿಂದ ಒಂದು ಲೆಕ್ಕ ಬಂತು: ಪೇಂಟಿಂಗ್ 38,000, ಕಿಟಕಿಯ ಸೊಳ್ಳೆ ಮೆಶ್ 6,500, ಅಡುಗೆಮನೆ ಕಬೋರ್ಡ್ ಮತ್ತು ಕ್ಲೀನಿಂಗ್ 5,500. ಒಟ್ಟು ಐವತ್ತು ಸಾವಿರ ಕಳೆದು, ಉಳಿದ ಐವತ್ತು ಕೊಡುತ್ತೇವೆ, ಅದೂ ಹೊಸಬರು ಬಂದ ಮೇಲೆ. ನಾನು ಅತ್ತುಬಿಟ್ಟೆ. ಆ ದುಡ್ಡಿನಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಮಾಡಿಸಬೇಕು ಅಂದುಕೊಂಡಿದ್ದೆ.

ಮೊದಲ ಪತ್ರವನ್ನು ಅದೇ ಸಿಟ್ಟಿನಲ್ಲಿ ಬರೆದೆ. ಮೂರು ಪುಟ. ಮೂರು ವರ್ಷ ಒಂದು ದಿನವೂ ಬಾಡಿಗೆ ತಡ ಮಾಡಿಲ್ಲ, ನೀರು ಬಾರದಾಗ ಟ್ಯಾಂಕರಿಗೆ ನಾವೇ ಕೊಟ್ಟಿದ್ದೆವು, ಆಂಟಿಗೆ ಹುಷಾರಿಲ್ಲದಾಗ ಅಮ್ಮ ಗಂಜಿ ಮಾಡಿಕೊಟ್ಟಿದ್ದರು, ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ, ಹೀಗೆ. ಎಲ್ಲವೂ ನಿಜವೇ. ಏಪ್ರಿಲ್ 28ರ ಭಾನುವಾರ ಹೋಗಿ ಮಗನ ಕೈಗೇ ಕೊಟ್ಟೆ. ಅವರು ಪೊಲೀಸ್ ಅನ್ನೋ ಸಾಲನ್ನು ಮಾತ್ರ ಹಿಡಿದುಕೊಂಡು ಜಗಳಕ್ಕೆ ನಿಂತರು. ಎಷ್ಟು ದುಡ್ಡು ಬರಬೇಕು ಅಂತ ಆ ಮೂರು ಪುಟದಲ್ಲಿ ಎಲ್ಲೂ ನಾನು ಬರೆದೇ ಇರಲಿಲ್ಲ!

ಅಕ್ಕನ ಮನೆಯ ಹತ್ತಿರ ಒಬ್ಬರು ವಕೀಲರಿದ್ದಾರೆ. ಅವರು ಅಗ್ರಿಮೆಂಟ್ ತೆಗೆಸಿ, ನಾನು ಸರಿಯಾಗಿ ಓದದೇ ಇದ್ದ ಮೂರು ಕಡೆ ಗೆರೆ ಎಳೆದರು.

ಮೊದಲನೆಯದು, ಸಹಿ ಯಾರದು. ಮನೆ ಆಂಟಿ ಹೆಸರಿನಲ್ಲಿದೆ, ಅಗ್ರಿಮೆಂಟಿಗೆ ಸಹಿ ಹಾಕಿದವರೂ ಅವರೇ, ದುಡ್ಡು ಹೋದದ್ದೂ ಅವರ ಖಾತೆಗೆ. ನಾನು ಪತ್ರ ಬರೆದದ್ದು ಮಗನ ಹೆಸರಿಗೆ. ಮಾತಾಡುವವರು ಯಾರೇ ಇರಲಿ, ಪತ್ರ ಹೋಗಬೇಕಾದ್ದು ಅಗ್ರಿಮೆಂಟಿನಲ್ಲಿ ಓನರ್ ಅಂತ ಇರುವವರಿಗೆ, ಅದರಲ್ಲೇ ಇರುವ ವಿಳಾಸಕ್ಕೆ. ಎರಡನೆಯದು, ವಾಪಸ್ ಕೊಡುವ ದಿನ. "ಮನೆ ಖಾಲಿ ಮಾಡಿ ಸ್ವಾಧೀನ ಒಪ್ಪಿಸಿದಾಗ" ಅಂತ ಇತ್ತು. ಹೊಸ ಬಾಡಿಗೆದಾರರ ಮಾತೇ ಇರಲಿಲ್ಲ. ಮೂರನೆಯದು ಪೇಂಟಿಂಗ್. ಅದಕ್ಕೆ "ಒಂದು ತಿಂಗಳ ಬಾಡಿಗೆ" ಹಿಡಿಯಬಹುದು ಅಂತ ಇತ್ತು. ಹಾಗಾದರೆ ಮೂವತ್ತೆಂಟು ಸಾವಿರ ಎಲ್ಲಿಂದ ಬಂತು? ನಾನಂತೂ ಹಳೆಯ ಬಾಡಿಗೆ 18,000 ಹಿಡಿಯಬೇಕು ಅಂತಿದ್ದೆ. ಕೊನೆಯ ಅಗ್ರಿಮೆಂಟಿನಲ್ಲೂ ಅದೇ ಷರತ್ತು ಇರುವುದರಿಂದ ಈಗಿನ ಬಾಡಿಗೆ 19,845ನ್ನೇ ಒಪ್ಪಿಕೊಳ್ಳುವುದು ನ್ಯಾಯ ಅಂದರು. ಒಪ್ಪಿದೆ.

ಇನ್ನು ಮೆಶ್. ಬಾಡಿಗೆದಾರರು ಮನೆಯನ್ನು ತೆಗೆದುಕೊಂಡಾಗ ಹೇಗಿತ್ತೋ ಹಾಗೆ ಒಪ್ಪಿಸಬೇಕು, ಆದರೆ ದಿನಬಳಕೆಯ ಸಹಜ ಸವಕಳಿಗೆ ಅವರು ಹೊಣೆಯಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಹೇಳುವುದು ಇದನ್ನೇ. ಮೆಶ್ ಬಿಸಿಲಿಗೆ ಒಣಗಿ ಹರಿದದ್ದು. ಇದಲ್ಲದೆ 2021ರಲ್ಲಿ ಮನೆಗೆ ಹೋದ ದಿನ ಅಣ್ಣನಿಗೆ ತೋರಿಸಲು ಸುಮ್ನೆ ತೆಗೆದಿದ್ದ ಫೋಟೋ ಒಂದರಲ್ಲಿ ಅದೇ ಕಿಟಕಿಯ ಮೆಶ್‌ಗೆ ತೇಪೆ ಹಾಕಿದ್ದು ಚೆನ್ನಾಗಿ ಕಾಣುತ್ತಿತ್ತು. ಹೊಸ ಮನೆಗೆ ಹೋದ ಮೊದಲ ದಿನವೇ ಗೋಡೆ, ನಲ್ಲಿ, ಕಿಟಕಿ, ಸ್ವಿಚ್ ಎಲ್ಲದರ ಫೋಟೋ ತೆಗೆದು ಓನರ್‌ಗೇ ಕಳಿಸಿಬಿಡಿ. ತಾರೀಕಿನ ಸಮೇತ ಅಲ್ಲೇ ಉಳಿದುಕೊಳ್ಳುತ್ತದೆ.

ಎರಡನೇ ಪತ್ರವನ್ನು ಮೇ 6ಕ್ಕೆ ಬರೆದೆ. ಆಂಟಿ ಓದುವುದು ಕನ್ನಡ, ಹಾಗಾಗಿ ಕನ್ನಡದಲ್ಲೇ. ಹೆಸರು, ವಿಳಾಸ ಬಿಟ್ಟು ಇಲ್ಲಿ ಹಾಗೇ ಕೊಡುತ್ತಿದ್ದೇನೆ.

"ಮಾನ್ಯರೇ,

ವಿಷಯ: ಬಾಡಿಗೆ ಮನೆಯ ಅಡ್ವಾನ್ಸ್ ಹಣ ವಾಪಸ್ ಕೊಡುವ ಬಗ್ಗೆ.

ಮೇಲಿನ ವಿಳಾಸದಲ್ಲಿರುವ ನಿಮ್ಮ ಮನೆಯ ಕೆಳ ಮಹಡಿಯಲ್ಲಿ ನಾನು 1 ಜುಲೈ 2021ರಿಂದ 31 ಮಾರ್ಚ್ 2024ರವರೆಗೆ ಬಾಡಿಗೆಗೆ ಇದ್ದೆ. ಅಡ್ವಾನ್ಸ್ ಆಗಿ ಒಟ್ಟು 1,00,000 ರೂಪಾಯಿಯನ್ನು ನಿಮ್ಮ ಬ್ಯಾಂಕ್ ಖಾತೆಗೆ ಕಳಿಸಿದ್ದೇನೆ. ಇದು ಅಗ್ರಿಮೆಂಟಿನಲ್ಲೂ ದಾಖಲಾಗಿದೆ.

27 ಫೆಬ್ರವರಿ 2024ರಂದು ಮನೆ ಬಿಡುವ ವಿಷಯ ತಿಳಿಸಿ, 31 ಮಾರ್ಚ್ 2024ರಂದು ಎರಡು ಬೀಗದ ಕೈಗಳನ್ನು ನಿಮಗೆ ಒಪ್ಪಿಸಿದ್ದೇನೆ. ಮಾರ್ಚ್‌ವರೆಗಿನ ಬಾಡಿಗೆ ಪೂರ್ತಿ ಕೊಟ್ಟಿದ್ದೇನೆ.

ಅಗ್ರಿಮೆಂಟಿನಂತೆ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 19,845, ಕೊನೆಯ ಕರೆಂಟ್ ಬಿಲ್ 1,140, ವಾಶ್ ಬೇಸಿನ್ ಬದಲಿಸಲು 1,600, ಹೀಗೆ ಒಟ್ಟು 22,585 ರೂಪಾಯಿ ಕಳೆಯಲು ನನ್ನ ಒಪ್ಪಿಗೆ ಇದೆ. ಉಳಿದ 77,415 ರೂಪಾಯಿ ನನಗೆ ಬರಬೇಕು. ಕಿಟಕಿಯ ಮೆಶ್ ನಾನು ಬಂದಾಗಲೇ ಹಳೆಯದಾಗಿತ್ತು, ಫೋಟೋ ಲಗತ್ತಿಸಿದ್ದೇನೆ. ಬೇರೆ ಯಾವುದಾದರೂ ಖರ್ಚು ನನ್ನಿಂದ ಆಗಿದೆ ಎಂದಾದರೆ ಅದರ ಬಿಲ್ ಕೊಡಬೇಕಾಗಿ ಕೋರುತ್ತೇನೆ.

ಈ ಪತ್ರ ತಲುಪಿದ 15 ದಿನದೊಳಗೆ 77,415 ರೂಪಾಯಿಯನ್ನು ಕೆಳಗಿನ ಖಾತೆಗೆ ಹಾಕಬೇಕಾಗಿ ವಿನಂತಿ. ಹಾಗೆ ಆಗದಿದ್ದರೆ ವಕೀಲರ ಮೂಲಕ ಮುಂದುವರಿಯಬೇಕಾಗುತ್ತದೆ.

ಇಂತಿ ವಿಶ್ವಾಸಿ"

ಜೊತೆಗೆ ಅಗ್ರಿಮೆಂಟಿನ ಜೆರಾಕ್ಸ್, ದುಡ್ಡು ಕಳಿಸಿದ್ದ ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟ, ಮಾರ್ಚ್ 31ರ ಮೆಸೇಜ್ ಮತ್ತು ಅದಕ್ಕೆ ಬಂದ ಉತ್ತರದ ಪ್ರಿಂಟ್, ಮೆಶ್ ಫೋಟೋ. ಒರಿಜಿನಲ್ ಯಾವುದನ್ನೂ ಕಳಿಸಲಿಲ್ಲ. ಸಹಿ ಹಾಕಿದ ಪತ್ರದ ಒಂದು ಪ್ರತಿ ನನ್ನ ಹತ್ತಿರ ಇಟ್ಟುಕೊಂಡೆ.

ಕಳೆಯಬೇಕಾದ್ದನ್ನು ನಾವೇ ಬರೆದುಕೊಟ್ಟರೆ ಒಪ್ಪಿಕೊಂಡ ಹಾಗಾಗುತ್ತದೆ, ಒಂದು ಲಕ್ಷವನ್ನೇ ಕೇಳು, ಆಮೇಲೆ ಇಳಿಸು ಅಂತ ಅಣ್ಣ ಹೇಳಿದ್ದ. ಒಪ್ಪಿಕೊಂಡ ಹಾಗಾಗುತ್ತದೆ ಅನ್ನೋದು ನಿಜ. ಅದಕ್ಕೇ ನಿಜವಾಗಿ ನಮ್ಮ ಮೇಲಿರುವುದನ್ನು ಮಾತ್ರ ಬರೆಯಬೇಕು. ಆದರೆ ಬೇಸಿನ್ ಒಡೆದದ್ದು ಆಂಟಿಗೂ ಗೊತ್ತು, ನನಗೂ ಗೊತ್ತು. ಅದನ್ನು ಬಿಟ್ಟು ಬರೆದಿದ್ದರೆ ಅವರ ಮಾತು ಅಲ್ಲಿಂದಲೇ ಶುರುವಾಗುತ್ತಿತ್ತು. ಬರೆದದ್ದರಿಂದ ಅವರಿಗೆ ಜಗಳ ಆಡಲು ಉಳಿದದ್ದು ಮೆಶ್ ಮತ್ತು ಕಬೋರ್ಡ್ ಮಾತ್ರ, ಅದಕ್ಕೆ ಬಿಲ್ ಇರಲಿಲ್ಲ.

ಪತ್ರವನ್ನು ಈ ಸಲ ಕೈಗೆ ಕೊಡಲಿಲ್ಲ. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಸ್ವೀಕೃತಿ ಕಾರ್ಡ್ ಸೇರಿಸಿದೆ. ಈಗ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿದ್ದಾರೆ, ಹಾಗಾಗಿ ಸ್ಪೀಡ್ ಪೋಸ್ಟ್ ಮಾಡುವಾಗಲೇ ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೇಳಿ. ಮೇ 8ಕ್ಕೆ ಆಂಟಿ ಸಹಿ ಮಾಡಿ ತೆಗೆದುಕೊಂಡರು. ಪತ್ರದ ಫೋಟೋವನ್ನು ವಾಟ್ಸಾಪಿನಲ್ಲೂ ಕಳಿಸಿದೆ. ಬ್ಲೂ ಟಿಕ್ ಬಂತು.

ಮೇ 14ಕ್ಕೆ ಮಗನ ಫೋನ್. ದನಿ ಬೇರೆ ಥರ ಇತ್ತು. "ಅಮ್ಮನ ಹೆಸರಿಗೆಲ್ಲ ಯಾಕೆ ಪೋಸ್ಟ್ ಕಳಿಸಿದ್ರಿ, ಕೂತು ಮಾತಾಡಬಹುದಿತ್ತಲ್ವಾ" ಅಂದರು. ನಾನು ವಾದ ಮಾಡಲಿಲ್ಲ. ಪತ್ರದಲ್ಲಿರುವ ಲೆಕ್ಕದಲ್ಲಿ ಏನು ತಪ್ಪಿದೆ ಹೇಳಿ ಸರ್ ಅಂತ ಅಷ್ಟೇ ಕೇಳಿದೆ. ಪೇಂಟಿಂಗ್ ಮಾತು ಬರಲಿಲ್ಲ. ಕಬೋರ್ಡಿನ ಹಿಂಜ್ ಎರಡು ಹೋಗಿವೆ, ಎಪ್ಪತ್ತೈದಕ್ಕೆ ಮುಗಿಸೋಣ ಅಂದರು. 2,415 ರೂಪಾಯಿ ಬಿಡಬೇಕಿತ್ತು. ವಕೀಲರ ನೋಟಿಸ್‌ಗೇ ಅದಕ್ಕಿಂತ ಜಾಸ್ತಿ ಆಗುತ್ತಿತ್ತು, ಹಿಂಜ್ ಸಡಿಲವಾಗಿದ್ದದ್ದೂ ನಿಜ. ಒಪ್ಪಿದೆ.

ಮೇ 18ಕ್ಕೆ ನಲವತ್ತು ಸಾವಿರ ಬಂತು. ಉಳಿದದ್ದಕ್ಕೆ ಮೊದಲು "ಪೂರ್ತಿ ಹಣ ಬಂದಿದೆ, ಇನ್ನೇನೂ ಬಾಕಿ ಇಲ್ಲ" ಅಂತ ಬರೆದು ಸಹಿ ಮಾಡಿ ಕೊಡಿ, ಆಮೇಲೆ ಹಾಕುತ್ತೇನೆ ಅಂದರು. ಇದಕ್ಕೆ ಮಾತ್ರ ಬಿಲ್‌ಕುಲ್ ಒಪ್ಪಬೇಡಿ. "ದುಡ್ಡು ಖಾತೆಗೆ ಬಂದ ಹತ್ತು ನಿಮಿಷದಲ್ಲಿ ಬರೆದು ಕಳಿಸುತ್ತೇನೆ" ಅಂತ ಮೆಸೇಜ್ ಮಾಡಿದೆ. 22ಕ್ಕೆ ಮೂವತ್ತೈದು ಬಂತು. ಮಾತು ಕೊಟ್ಟ ಹಾಗೆ ರಸೀದಿ ಬರೆದು ಕಳಿಸಿದೆ.

ಬರದೇ ಇದ್ದಿದ್ದರೆ? ಮುಂದಿನದು ವಕೀಲರ ನೋಟಿಸ್, ಅದಕ್ಕೂ ಬಗ್ಗದಿದ್ದರೆ ಹಣ ವಸೂಲಿಗೆ ಸಿವಿಲ್ ದಾವೆ. ಇದಕ್ಕೆ ಮೂರು ವರ್ಷದ ಮಿತಿ ಇದೆ, ಹಾಗಾಗಿ "ಕೊಡ್ತಾರೆ ಬಿಡು" ಅಂತ ವರ್ಷಗಟ್ಟಲೆ ಕಾಯಬಾರದು. ನಾನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿ ವಿಚಾರಿಸಿ ಬಂದಿದ್ದೆ. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ದಾವೆಗೆ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಇದೆ. ರೆಂಟ್ ಆಕ್ಟ್ ಅಂತ ಕೆಲವರು ಹೇಳುತ್ತಾರೆ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗೆ ಅನ್ವಯಿಸುವುದಿಲ್ಲ. ನಮ್ಮಂಥವರಿಗೆ ಅಗ್ರಿಮೆಂಟೇ ಆಧಾರ.

ಅಮ್ಮನ ಕಣ್ಣಿನ ಆಪರೇಷನ್ ಜೂನ್‌ನಲ್ಲಿ ಆಯಿತು. ಹಬ್ಬದ ದಿನ ಆಂಟಿ ಅಮ್ಮನಿಗೆ ಫೋನ್ ಮಾಡಿ ಕಣ್ಣು ಹೇಗಿದೆ ಅಂತ ಕೇಳಿದರು.