ವರ್ಷವರ್ಷ ಏರುವ ವಿದ್ಯಾರ್ಥಿವೇತನಕ್ಕೆ ಇಡಗಂಟು ಎಷ್ಟು ಬೇಕು?

ಹಳೆ ವಿದ್ಯಾರ್ಥಿಗಳ ಬಳಗಗಳು ಓದಿದ ಶಾಲೆಯಲ್ಲಿ ದತ್ತಿನಿಧಿ ಇಡಲು ಹೊರಟಾಗ ನಾಲ್ಕೈದು ಸಲ ಲೆಕ್ಕ ನೋಡಿಕೊಟ್ಟಿದ್ದೇನೆ. ಮನಸ್ಸು ದೊಡ್ಡದಿರುತ್ತದೆ, ಹಣವೂ ಸೇರಿರುತ್ತದೆ. ಎಡವುವುದು ಮಾತ್ರ ಪ್ರತಿಸಲ ಒಂದೇ ಕಡೆ. ಮಕ್ಕಳಿಗೆ ಕೊಡುವ ಹಣ ವರ್ಷವರ್ಷ ಏರಬೇಕು ಎಂದು ಠರಾವು ಮಾಡುತ್ತಾರೆ, ಇಡಗಂಟನ್ನು ಮಾತ್ರ ಏರದ ಹಣದ ಲೆಕ್ಕದಲ್ಲಿ ಕೂಡಿಸುತ್ತಾರೆ. ಅದಕ್ಕೇ ಈ ಬರಹ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. 5 ಮಕ್ಕಳು, ತಲಾ 12,000 ರೂಪಾಯಿ. ಮೊದಲ ವರ್ಷ ಒಟ್ಟು 60,000. ಆಮೇಲೆ ಪ್ರತಿವರ್ಷ 6% ಏರಿಕೆ. 10 ವರ್ಷ ಕೊಡಬೇಕು, 10ನೇ ವರ್ಷ ಕೊಟ್ಟ ಮೇಲೆ ಖಾತೆ ಖಾಲಿಯಾದರೆ ಆಯಿತು. ಹಣಕ್ಕೆ ವರ್ಷಕ್ಕೆ 7% ಬಡ್ಡಿ ಬರುತ್ತದೆ. ಇವತ್ತು ಎಷ್ಟು ಇಡಬೇಕು?

ಹಂತ 1: ಹತ್ತು ಡಬ್ಬಿ ಇಡಿ

ಸೂತ್ರಕ್ಕೆ ಕೈ ಹಾಕುವ ಮುಂಚೆ ಹತ್ತು ಡಬ್ಬಿ ಕಣ್ಣಮುಂದೆ ತಂದುಕೊಳ್ಳಿ, ವರ್ಷಕ್ಕೊಂದು. ಮೊದಲ ಡಬ್ಬಿಯ ಹಣ ಒಂದು ವರ್ಷ ಬಡ್ಡಿ ತಿಂದು 60,000 ಆಗಬೇಕು. ಹಾಗಾದರೆ ಇವತ್ತು ಅದರಲ್ಲಿ 60,000 ÷ 1.07, ಅಂದರೆ 56,075 ಇದ್ದರೆ ಸಾಕು. ಎರಡನೇ ಡಬ್ಬಿ 63,600 ಆಗಬೇಕು, ಆದರೆ ಅದಕ್ಕೆ ಎರಡು ವರ್ಷ ಸಮಯ ಇದೆ. ಎರಡು ಸಲ 1.07ರಿಂದ ಭಾಗಿಸಿ: 55,551.

ಎರಡನೇ ವರ್ಷ ಕೊಡುವ ಹಣ ಜಾಸ್ತಿ, ಆದರೂ ಇವತ್ತು ಇಡುವ ಹಣ ಸ್ವಲ್ಪ ಕಡಿಮೆ. ಏರಿಕೆ ಹಣವನ್ನು 1.06 ಪಟ್ಟು ಮೇಲೆ ಎಳೆಯುತ್ತದೆ, ಬಡ್ಡಿ ಅದನ್ನು 1.07ರಿಂದ ಕೆಳಗೆ ಇಳಿಸುತ್ತದೆ. ಹಾಗಾಗಿ ಪ್ರತಿ ಡಬ್ಬಿಯೂ ಹಿಂದಿನದರ 1.06 ÷ 1.07ರಷ್ಟು, ಅಂದರೆ 0.99065ರಷ್ಟು. ಹತ್ತನೇ ಡಬ್ಬಿಗೆ ಬರುವ ಹೊತ್ತಿಗೆ 51,531. ಹತ್ತನ್ನೂ ಕೂಡಿಸಿದರೆ ಬರುವುದೇ ನಿಮ್ಮ ಇಡಗಂಟು. ಏರುವ ಕಂತುಗಳ ಇಂದಿನ ಬೆಲೆ ಅನ್ನುವುದು ಇಷ್ಟೇ.

ಹಂತ 2: ಸೂತ್ರ

ಡಬ್ಬಿ ಹತ್ತಿದ್ದರೆ ಕೂಡಿಸಬಹುದು, ಮೂವತ್ತಿದ್ದರೆ ಬೇಸರ. ಸೂತ್ರ ಆ ಕೂಡುವ ಕೆಲಸವನ್ನು ಒಂದೇ ಸಾಲಲ್ಲಿ ಮಾಡುತ್ತದೆ:

```
PV = P / (r - g) × [1 - ((1 + g) / (1 + r))^n]
```

P ಮೊದಲ ಕಂತು, r ಬಡ್ಡಿ, g ಏರಿಕೆ, n ವರ್ಷ. ನಮ್ಮ ಅಂಕಿ ಹಾಕಿದರೆ 60,000 ÷ 0.01 = 60,00,000. ಅದನ್ನು 0.0896238ರಿಂದ ಗುಣಿಸಿ: 5,37,743 ರೂಪಾಯಿ. ನಡುವೆ ಅಂಕಿಗಳನ್ನು ಕತ್ತರಿಸಬೇಡಿ. 0.0896238 ಅನ್ನು 0.09 ಮಾಡಿದರೆ ಎರಡು ಸಾವಿರಕ್ಕೂ ಜಾಸ್ತಿ ವ್ಯತ್ಯಾಸ ಬರುತ್ತದೆ, ಯಾಕೆಂದರೆ ಗುಣಿಸುತ್ತಿರುವುದು 60 ಲಕ್ಷದಿಂದ.

ಬಡ್ಡಿಯೂ ಏರಿಕೆಯೂ ಒಂದೇ ಆದರೆ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಸೂತ್ರ ಕೈಕೊಡುತ್ತದೆ. ಆಗ n × P ÷ (1 + r) ಸಾಕು, ಹತ್ತೂ ಡಬ್ಬಿ ಸಮ ಇರುತ್ತವೆ. ಏರಿಕೆ ಬಡ್ಡಿಗಿಂತ ಜಾಸ್ತಿ ಇದ್ದರೂ ಸೂತ್ರ ಸರಿಯಾಗಿಯೇ ನಡೆಯುತ್ತದೆ. ಎರಡು ಕಡೆಯೂ ಋಣ ಬಂದು ಹೊಡೆದುಹೋಗುತ್ತದೆ, ಹೆದರಬೇಡಿ.

ಇಲ್ಲೊಂದು ಅಡ್ಡದಾರಿ ಬಹಳ ಜನ ಹಿಡಿಯುತ್ತಾರೆ. 7ರಲ್ಲಿ 6 ಕಳೆದು, 1% ಬಡ್ಡಿಯ ಸಾದಾ ಕಂತಿನ ಲೆಕ್ಕ ಮಾಡಿಬಿಡುತ್ತಾರೆ. ಅದರಲ್ಲಿ 5,68,278 ಬರುತ್ತದೆ, ಬೇಕಾದ್ದಕ್ಕಿಂತ 30 ಸಾವಿರ ಜಾಸ್ತಿ. ಕಳೆಯಬಾರದು, ಭಾಗಿಸಬೇಕು. ಎಕ್ಸೆಲ್‌ನಲ್ಲಿ ಏರುವ ಕಂತಿಗೆ ಬೇರೆ ಫಂಕ್ಷನ್ ಇಲ್ಲ. ಇರುವ PV ಫಂಕ್ಷನ್ನನ್ನೇ ಹೀಗೆ ಬಳಸಿ, 5,37,743 ಸಿಗುತ್ತದೆ:

```
=PV(1.07/1.06-1, 10, -60000/1.06)
```

ಹಂತ 3: ಮೊದಲ ಕಂತು ಯಾವತ್ತು, ಎಷ್ಟು?

ಇಲ್ಲಿ ನಿಧಾನ ಮಾಡಿ. ನಾನು ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಆದವು. ಮೇಲಿನ ಸೂತ್ರ ಎರಡು ಮಾತನ್ನು ಹೇಳದೆ ಒಪ್ಪಿಕೊಂಡಿದೆ. ಮೊದಲ ಕಂತು ಇವತ್ತಿಗೆ ಸರಿಯಾಗಿ ಒಂದು ವರ್ಷಕ್ಕೆ ಕೊಡುವುದು. ಆ ದಿನ ಕೈಗೆ ಕೊಡುವ ಮೊತ್ತವೇ 60,000.

ಬಳಗದ ಸಭೆಯಲ್ಲಿ ಆಡುವ ಮಾತು ಹಾಗಿರುವುದಿಲ್ಲ ಅಲ್ವಾ? "ಈಗ ಒಬ್ಬ ಹುಡುಗನಿಗೆ 12,000 ಬೇಕು, ಬರುವ ಜೂನ್‌ನಿಂದ ಶುರು ಮಾಡೋಣ" ಅನ್ನುತ್ತಾರೆ. 12,000 ಈ ವರ್ಷದ ಫೀಸು. ಬರುವ ಜೂನ್‌ಗೆ ಅದು 12,720 ಆಗಿರುತ್ತದೆ. ಹಾಗಾದರೆ ಮೊದಲ ಕಂತು 60,000 ಅಲ್ಲ, 63,600. ಸೂತ್ರದ P ಜಾಗಕ್ಕೆ ಇದನ್ನೇ ಹಾಕಬೇಕು. ಆಗ ಇಡಗಂಟು 5,70,008. ಒಂದೇ ಒಂದು ವರ್ಷದ ಏರಿಕೆ ಮರೆತದ್ದಕ್ಕೆ 32 ಸಾವಿರದ ಖೋತಾ. ಆ ಖೋತಾ ಮೊದಲ ವರ್ಷ ಕಾಣುವುದಿಲ್ಲ, ಕೊನೆಯ ವರ್ಷ ಬಂದ ಮಕ್ಕಳ ಪಾಲಿನಲ್ಲಿ ಕಾಣುತ್ತದೆ.

ಇನ್ನೊಂದು ಸಂದರ್ಭ: ದತ್ತಿ ಉದ್ಘಾಟನೆಯ ದಿನವೇ ವೇದಿಕೆಯ ಮೇಲೆ ಮಕ್ಕಳಿಗೆ ಮೊದಲ ಚೆಕ್ ಕೊಡುವುದು. ಹತ್ತು ಕಂತೂ ಒಂದೊಂದು ವರ್ಷ ಮುಂದಕ್ಕೆ ಬಂದವು, ಪ್ರತಿ ಡಬ್ಬಿಗೂ ಒಂದು ವರ್ಷದ ಬಡ್ಡಿ ತಪ್ಪಿತು. ಸೂತ್ರದ ಉತ್ತರವನ್ನು 1.07ರಿಂದ ಗುಣಿಸಿ: 5,75,385. ಇದರಲ್ಲಿ 60,000 ಆ ದಿನವೇ ಹೋಗುತ್ತದೆ. ಬ್ಯಾಂಕಿಗೆ ಹೋಗುವುದು 5,15,385 ಮಾತ್ರ.

ಒಂದೇ ದತ್ತಿ, ಒಂದೇ ಬಡ್ಡಿ, ಮೂರು ಉತ್ತರ. ಹಾಗಾಗಿ ಠರಾವು ಪುಸ್ತಕದಲ್ಲಿ "ವರ್ಷಕ್ಕೆ 60,000, 6% ಏರಿಕೆ" ಎಂದಷ್ಟೇ ಬರೆಯಬೇಡಿ. ಮೊದಲ ಕಂತಿನ ತಾರೀಖು, ಅವತ್ತಿನ ಮೊತ್ತ, ಕೊನೆಯ ಕಂತಿನ ತಾರೀಖು, ಅವತ್ತಿನ ಮೊತ್ತ, ನಾಲ್ಕನ್ನೂ ಬರೆಯಿರಿ. ನಮ್ಮ ಮೊದಲ ಲೆಕ್ಕದಲ್ಲಿ ಕೊನೆಯ ಕಂತು 1,01,369. 60,000ವನ್ನು 1.06ರಿಂದ ಒಂಬತ್ತು ಸಲ ಗುಣಿಸಿದ್ದು, ಹತ್ತು ಸಲ ಅಲ್ಲ. ಮೊದಲ ಕಂತಿಗೆ ಏರಿಕೆ ಇಲ್ಲವಲ್ಲ.

ಹಂತ 4: ಬಡ್ಡಿ ಮತ್ತು ಏರಿಕೆಯ ದರ

ಏರಿಕೆಯನ್ನು ಊಹಿಸಬೇಡಿ, ಫೀಸಿನ ಹಳೆ ರಸೀದಿ ತರಿಸಿ. 5 ವರ್ಷದ ಹಿಂದೆ 9,000 ಇದ್ದದ್ದು ಈಗ 12,000 ಆಗಿದ್ದರೆ, ಒಟ್ಟು 33.3% ಏರಿಕೆಯನ್ನು 5ರಿಂದ ಭಾಗಿಸಿ 6.7% ಅನ್ನುವುದು ತಪ್ಪು. ಏರಿಕೆಯ ಮೇಲೆ ಏರಿಕೆ ಕೂತಿದೆ. 12,000 ÷ 9,000ರ ಐದನೇ ಮೂಲ ತೆಗೆದರೆ 1.059, ಅಂದರೆ 5.9%.

ಬಡ್ಡಿಯಲ್ಲೂ ಇದೇ ಮೋಸ, ಇನ್ನೂ ದೊಡ್ಡದಾಗಿ. ಎಫ್‌ಡಿ ಜಾಹೀರಾತಿನಲ್ಲಿ "ಈಲ್ಡ್" ಎಂದು ಒಂದು ದೊಡ್ಡ ಅಂಕಿ ಹಾಕಿರುತ್ತಾರೆ. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರುವ 7%ರ ಠೇವಣಿ 5 ವರ್ಷದಲ್ಲಿ 41.5% ಬೆಳೆಯುತ್ತದೆ. ಅದನ್ನು 5ರಿಂದ ಭಾಗಿಸಿ 8.3% ಎಂದು ತೋರಿಸುತ್ತಾರೆ. ಈ 8.3 ಅನ್ನು ಸೂತ್ರಕ್ಕೆ ಹಾಕಿದರೆ ಇಡಗಂಟು ಸುಮಾರು 5,04,000 ಸಾಕು ಎಂದು ಬರುತ್ತದೆ. 34 ಸಾವಿರ ಕಡಿಮೆ ಇಟ್ಟ ಹಾಗಾಯಿತು. ಈಲ್ಡ್ ಅಂಕಿಯನ್ನು ಮುಟ್ಟಲೇಬೇಡಿ. ಬ್ಯಾಂಕಿನ ದರವನ್ನು ತೆಗೆದುಕೊಂಡು ಒಂದು ವರ್ಷಕ್ಕೆ 100 ರೂಪಾಯಿ ಎಷ್ಟಾಗುತ್ತದೆ ನೋಡಿ. ದರ 6.8% ಇದ್ದು ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿದರೆ 106.98 ಆಗುತ್ತದೆ. ನಾನು ಹಿಡಿದ 7% ಅಂದರೆ ಅದು. ಬಡ್ಡಿಯಲ್ಲಿ ತೆರಿಗೆ ಹೋಗುವುದಿದ್ದರೆ ಅದನ್ನು ಕಳೆದು ಉಳಿದ ದರವನ್ನೇ ಹಾಕಿ.

ಹಂತ 5: ತಾಳೆ ನೋಡಿ

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಬಡ್ಡಿ ಸೇರಿದ ಹಣ, ಕೊಟ್ಟದ್ದು, ಉಳಿದದ್ದು. 5,37,743ಕ್ಕೆ 7% ಸೇರಿ 5,75,385, ಅದರಲ್ಲಿ 60,000 ಕೊಟ್ಟರೆ 5,15,385. ಅದಕ್ಕೆ ಮತ್ತೆ ಬಡ್ಡಿ ಸೇರಿ 5,51,462, ಕೊಟ್ಟದ್ದು 63,600, ಉಳಿದದ್ದು 4,87,862. ಹೀಗೇ ಇಳಿದು 10ನೇ ವರ್ಷ ಒಂದೆರಡು ರೂಪಾಯಿ ಅತ್ತಿತ್ತ ಸೊನ್ನೆಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಹಂತ 3ಕ್ಕೆ ವಾಪಸ್ ಹೋಗಿ.

ಮೊದಲ ವರ್ಷದಿಂದಲೇ ಅಸಲು ಕರಗುತ್ತದೆ, ಗಾಬರಿ ಬೇಡ. ಲೆಕ್ಕವೇ ಹಾಗೆ ಕೂತಿದೆ.

ಇದೇ ಹಾಳೆಯಲ್ಲಿ ಶುರುವಿಗೆ ಹೇಳಿದ ತಪ್ಪನ್ನೂ ನೋಡಿಬಿಡಿ. ಏರಿಕೆ ಇಲ್ಲದ ಸಾದಾ ಕಂತಿನ ಲೆಕ್ಕದಲ್ಲಿ ಇಡಗಂಟು 4,21,415 ಬರುತ್ತದೆ. ಅದನ್ನು ಇಟ್ಟು ಏರುವ ಹಣ ಕೊಡುತ್ತಾ ಹೋದರೆ ಏಳು ವರ್ಷ ಸಲೀಸು. 8ನೇ ವರ್ಷ ಕೊಡಬೇಕಾದದ್ದು 90,218, ಖಾತೆಯಲ್ಲಿ ಇರುವುದು 68,256. ಆ ವರ್ಷದ ಐವರಲ್ಲಿ ಮೂವರಿಗೆ ಪೂರ್ತಿ ಕೊಟ್ಟರೆ ನಾಲ್ಕನೆಯ ಮಗುವಿಗೇ ಸಾಲುವುದಿಲ್ಲ. 9, 10ನೇ ವರ್ಷದವರಿಗೆ ಏನೂ ಇಲ್ಲ.

ಹಂತ 6: ಹಣ ಇಡುವ ರೀತಿ

ಇಡೀ ಮೊತ್ತವನ್ನು ಒಂದೇ ಎಫ್‌ಡಿಯಲ್ಲಿ ಇಟ್ಟು ಪ್ರತಿವರ್ಷ ಮುರಿಯುವುದು ನನಗೆ ಒಪ್ಪಿಗೆ ಇಲ್ಲ. ಮುರಿದಾಗ ದಂಡ ಬೀಳುತ್ತದೆ. ವರ್ಷವರ್ಷ ನವೀಕರಿಸುತ್ತಾ ಹೋದರೆ ದರ ಇಳಿಯುವ ಭಯ. ರಿಸರ್ವ್ ಬ್ಯಾಂಕಿನ ರೆಪೊ ದರ 2020ರ ಮೇನಲ್ಲಿ 4%ಗೆ ಇಳಿದಾಗ ಠೇವಣಿ ಬಡ್ಡಿಯೂ ಅದರ ಹಿಂದೆಯೇ ಇಳಿಯಿತು. ನಮ್ಮ 7% ಮೊದಲ ದಿನದಿಂದಲೇ 5.5% ಆಗಿದ್ದರೆ ಬೇಕಾಗುತ್ತಿದ್ದ ಇಡಗಂಟು 5,81,000.

ಹಂತ 1ರ ಡಬ್ಬಿಗಳನ್ನು ನಿಜವಾಗಿಯೂ ಮಾಡಿ. ಹತ್ತು ಬೇರೆ ಬೇರೆ ಠೇವಣಿ, ಬಡ್ಡಿ ಒಳಗೇ ಸೇರುವಂಥವು. 56,075 ಒಂದು ವರ್ಷಕ್ಕೆ, 55,551 ಎರಡು ವರ್ಷಕ್ಕೆ, ಹೀಗೆ 51,531 ಹತ್ತು ವರ್ಷಕ್ಕೆ. ಬ್ಯಾಂಕುಗಳು ಸಾಮಾನ್ಯವಾಗಿ 10 ವರ್ಷದವರೆಗೆ ಠೇವಣಿ ತೆಗೆದುಕೊಳ್ಳುತ್ತವೆ. ಇವತ್ತಿನ ದರ ಹತ್ತಕ್ಕೂ ಗಟ್ಟಿಯಾಯಿತು. ಅವಧಿಗೆ ತಕ್ಕಂತೆ ದರ ಬೇರೆ ಇದ್ದರೆ ಆಯಾ ಡಬ್ಬಿಯನ್ನು ಅದರದೇ ದರದಿಂದ ಭಾಗಿಸಿ ಮೊತ್ತ ತಿದ್ದಿ. ಪ್ರತಿ ರಸೀದಿಯ ಮೇಲೆ ಪೆನ್ಸಿಲ್‌ನಲ್ಲಿ ಯಾವ ವರ್ಷದ ಕಂತು, ಕೈಗೆ ಎಷ್ಟು ಬರಬೇಕು ಎಂದು ಬರೆದಿಡಿ. ಅವಧಿ ಮುಗಿದ ದಿನ ತಾನಾಗಿ ನವೀಕರಣ ಆಗದಂತೆ ಫಾರಂನಲ್ಲೇ ಗುರುತು ಹಾಕಿ. ಇಲ್ಲದಿದ್ದರೆ ಜೂನ್‌ನಲ್ಲಿ ಮಗುವಿನ ಕೈಗೆ ಹೋಗಬೇಕಾದ ಹಣ ಇನ್ನೊಂದು ಅವಧಿಗೆ ಒಳಗೇ ಕೂತಿರುತ್ತದೆ.