ಗೀಟು ಹೊಡೆದ ಬೆಲೆ ನಂಬುವ ಮುನ್ನ ಗ್ರಾಫ್ ನೋಡಿ

ಆನ್‌ಲೈನ್ ಅಂಗಡಿಯಲ್ಲಿ ಒಂದು ಹೆಡ್‌ಫೋನ್ ಕಾಣುತ್ತದೆ. 100ಕ್ಕೆ ಗೀಟು ಹೊಡೆದು ಪಕ್ಕದಲ್ಲಿ 50 ಎಂದು ಹಾಕಿದ್ದಾರೆ. (ಲೆಕ್ಕ ಸುಲಭವಾಗಲೆಂದು ಇಲ್ಲಿ ಬೆಲೆಗಳನ್ನು ಬರೀ ಅಂಕಿಗಳಲ್ಲಿ ಇಟ್ಟುಕೊಂಡಿದ್ದೇವೆ.) ಅರ್ಧಕ್ಕರ್ಧ ರಿಯಾಯಿತಿ ನಿಜವೇ ಎಂದು ತಿಳಿಯಲು ಆ 50ನ್ನು ದಿಟ್ಟಿಸಿ ಪ್ರಯೋಜನವಿಲ್ಲ. ಪರೀಕ್ಷಿಸಬೇಕಾದದ್ದು 100ನ್ನು. ಆ ಬೆಲೆಗೆ ಅದು ಎಂದಾದರೂ ಮಾರಾಟಕ್ಕಿತ್ತೇ?

ಮೊದಲು ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ. ಹೆಸರು, ಬಣ್ಣ, ಫೋಟೊ ಎಲ್ಲ ಒಂದೇ ಇದ್ದು ನಂಬರಿನ ಕೊನೆಯ ಒಂದೆರಡು ಅಕ್ಷರ ಮಾತ್ರ ಬೇರೆ ಇರುವುದುಂಟು. ದೊಡ್ಡ ಸೇಲ್‌ಗೆಂದೇ ಕೆಲವು ಕಂಪನಿಗಳು ಒಂದೆರಡು ಸೌಲಭ್ಯ ಕಡಿಮೆ ಮಾಡಿದ ಮಾಡೆಲ್ ಬಿಡುತ್ತವೆ. ಟಿವಿಗಳಲ್ಲಿ ಇದು ಹೆಚ್ಚು. ಅಂಥದ್ದಕ್ಕೆ ಹಳೆಯ ಬೆಲೆ ಎಂಬುದೇ ಇರುವುದಿಲ್ಲ, ಹೋಲಿಕೆ ಆ್ಯಪ್‌ಗಳಿಗೂ ಬೇರೆ ಅಂಗಡಿಯಲ್ಲಿ ಜೋಡಿ ಸಿಗುವುದಿಲ್ಲ.

ಮುಂದಿನದು ಬೆಲೆಯ ಇತಿಹಾಸ. ಅಮೆಜಾನ್ ವಸ್ತುಗಳಿಗೆ ಕೀಪಾ, ಕ್ಯಾಮಲ್‌ಕ್ಯಾಮಲ್‌ಕ್ಯಾಮಲ್ ಎಂಬ ತಾಣಗಳಿವೆ; ಎರಡನೆಯದರಲ್ಲಿ ಭಾರತದ ಅಮೆಜಾನ್ ಇಲ್ಲ. ವಸ್ತುವಿನ ಲಿಂಕನ್ನು ಅಲ್ಲಿ ಪೇಸ್ಟ್ ಮಾಡಿದರೆ ಗ್ರಾಫ್ ಬರುತ್ತದೆ. ಲಿಂಕಿನ ಉದ್ದನೆಯ ಬಾಲ ಬೇಕಿಲ್ಲ. `/dp/` ಆದಮೇಲೆ ಬರುವ 10 ಅಕ್ಷರಗಳ ಕೋಡ್ ಸಾಕು. ಅಂಗಡಿಯ ಸ್ವಂತ ಬೆಲೆ ಮತ್ತು ಹೊರಗಿನ ಮಾರಾಟಗಾರರ ಬೆಲೆ ಬೇರೆ ಬೇರೆ ಗೆರೆಗಳಲ್ಲಿರುತ್ತವೆ, ಒಂದನ್ನು ಇನ್ನೊಂದರ ಜೊತೆ ಬೆರೆಸಬೇಡಿ.

ನಮ್ಮ ಹೆಡ್‌ಫೋನಿನ ಗ್ರಾಫ್ ಹೀಗಿದೆ ಎನ್ನಿ: ಆರು ತಿಂಗಳು 58ರಲ್ಲೇ ಮಲಗಿದ್ದ ಗೆರೆ, ಸೇಲ್‌ಗೆ ಮೂರು ವಾರ ಇರುವಾಗ 70ಕ್ಕೆ ಜಿಗಿದು, ಇವತ್ತು 50ಕ್ಕೆ ಇಳಿದಿದೆ. 100 ಎಲ್ಲೂ ಇಲ್ಲ. ಉಳಿತಾಯ 58ರ ಮೇಲೆ 8, ಅಂದರೆ ಶೇ 14ರಷ್ಟು. ಕೆಟ್ಟ ಬೆಲೆಯೇನಲ್ಲ, ಆದರೆ ಶೇ 50 ಖಂಡಿತ ಅಲ್ಲ.

ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ ತಿಂಗಳಿಂದ ಇದಕ್ಕೊಂದು ನಿಯಮವಿದೆ. ಬೆಲೆ ಇಳಿಸಿದ್ದೇವೆಂದು ಸಾರುವವರು ಸಾಮಾನ್ಯವಾಗಿ ಹಿಂದಿನ 30 ದಿನಗಳ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಈ ಅಳತೆಗೋಲನ್ನು ಎಲ್ಲಿದ್ದವರೂ ಬಳಸಬಹುದು; ನಮ್ಮ ಉದಾಹರಣೆಯಲ್ಲೂ ಅದು 58ನ್ನೇ ಕೊಡುತ್ತದೆ. ಆದರೆ 70ಕ್ಕೆ ಏರಿಸಿ 40 ದಿನ ಕಾದಿದ್ದರೆ? 30 ದಿನದ ಅಳತೆ ಮೋಸಹೋಗುತ್ತದೆ. ಹಾಗಾಗಿ ಗ್ರಾಫನ್ನು ಕನಿಷ್ಠ ಆರು ತಿಂಗಳಿಗೆ ಹಿಗ್ಗಿಸಿ ನೋಡುವುದೇ ವಾಸಿ. ಒಂದು ಕೊರತೆ ಗೊತ್ತಿರಲಿ: ಕಾರ್ಡ್ ಆಫರ್‌ನಂಥ ಇಳಿಕೆಗಳು ಸಾಮಾನ್ಯವಾಗಿ ಗ್ರಾಫಿಗೆ ಬರುವುದಿಲ್ಲ.

ಈಗ ಹೋಲಿಕೆ ಆ್ಯಪ್. ಅದು 50ರ ಅಂಗಡಿಯನ್ನು ಮೇಲೆ, 52ರದ್ದನ್ನು ಕೆಳಗೆ ತೋರಿಸುತ್ತದೆ. ಮೊದಲನೆಯದಕ್ಕೆ ಡೆಲಿವರಿ 3, ಎರಡನೆಯದಕ್ಕೆ ಉಚಿತ ಎಂದಾದರೆ ಗೆದ್ದದ್ದು 52. ಪಟ್ಟಿಯ ಕ್ರಮವನ್ನು ಬಿಟ್ಟು, ಹಣ ಕಟ್ಟುವ ಪುಟದ ಕೊನೆಯ ಸಾಲಿನ ಮೊತ್ತವನ್ನಷ್ಟೇ ಹೋಲಿಸಿ.

ಕೂಪನ್ ಎಂದರೆ ಷರತ್ತು ಓದುವ ಕೆಲಸ. ‘ಶೇ 20 ಕಡಿತ’ ಎಂಬ ದೊಡ್ಡಕ್ಷರದ ಕೆಳಗೆ ‘ಗರಿಷ್ಠ 4, ಕನಿಷ್ಠ ಖರೀದಿ 60’ ಎಂದಿದ್ದರೆ, 10ರ ಕಡಿತ ಬರುವುದು ಕನಸು. 4 ಉಳಿಸಲು ಬೇಡದ 10ರ ವಸ್ತುವನ್ನು ಬುಟ್ಟಿಗೆ ಹಾಕಿದರೆ 6 ಹೆಚ್ಚೇ ಹೋಯಿತು.

ಬ್ರೌಸರಿನಲ್ಲಿ ಕೂತು ತಾನೇ ಕೋಡ್ ಹಾಕಿ ನೋಡುವ ಎಕ್ಸ್‌ಟೆನ್ಶನ್‌ಗಳ ದಾರಿಯೇ ಬೇರೆ. ನಿಮ್ಮ ಖರೀದಿಯ ಮೇಲೆ ಅಂಗಡಿ ಕೊಡುವ ಕಮಿಷನ್ ಅವುಗಳ ಆದಾಯ, ಮತ್ತು ಅದು ಬಹುತೇಕ ಕೊನೆಯ ಕ್ಲಿಕ್ ಯಾರದ್ದೋ ಅವರಿಗೆ ಸಲ್ಲುತ್ತದೆ. ಕೋಡ್ ಸಿಗದಿದ್ದರೂ ‘ಕ್ಲಿಕ್ ಮಾಡಿ’ ಎಂದು ಕಿಟಕಿ ತೆರೆದುಕೊಳ್ಳುವುದು ಇದಕ್ಕೇ ಇರಬಹುದು. ‘ಇದೇ ಅತ್ಯುತ್ತಮ ಕೋಡ್’ ಎಂದಾಗ ಮೊತ್ತ ಗುರುತು ಹಾಕಿಕೊಂಡು, ಅಂಗಡಿಯ ಸ್ವಂತ ಆಫರ್ ಪುಟದ ಕೋಡನ್ನು ಕೈಯಾರೆ ಹಾಕಿ ನೋಡಿ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್‌ನ ವಿವರಗಳಿಗೆ ಹೋಗಿ ಸೈಟ್ ಅನುಮತಿಯನ್ನು `On click` ಎಂದು ಬದಲಿಸಿದರೆ, ನೀವು ಕರೆದಾಗ ಮಾತ್ರ ಅದು ಪುಟ ಓದುತ್ತದೆ.

ಕ್ಯಾಶ್‌ಬ್ಯಾಕ್ ಬರಲಿಲ್ಲ ಎಂಬ ದೂರಿನ ಮೂಲವೂ ಎಷ್ಟೋ ಸಲ ಇಲ್ಲೇ ಇದೆ. ಕ್ಯಾಶ್‌ಬ್ಯಾಕ್ ಆ್ಯಪ್‌ನಿಂದ ಅಂಗಡಿಗೆ ಹೋದಿರಿ, ಕೊನೆ ಗಳಿಗೆಯಲ್ಲಿ ಕೂಪನ್ ಎಕ್ಸ್‌ಟೆನ್ಶನ್ ಒತ್ತಿದಿರಿ. ಮೊದಲ ಆ್ಯಪ್‌ನ ಕುಕೀ, ಅಂದರೆ ನೀವು ಅದರ ಮೂಲಕ ಬಂದಿರೆಂದು ಬ್ರೌಸರಿನಲ್ಲಿ ಉಳಿಯುವ ಗುರುತು, ಅಳಿಸಿಹೋಗಿ, ನಿಮ್ಮ ಕ್ಯಾಶ್‌ಬ್ಯಾಕ್ ಬರಬೇಕಿದ್ದ ಕಮಿಷನ್ ಇನ್ನೊಬ್ಬರ ಪಾಲಾಯಿತು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ. ವಸ್ತುವನ್ನು ಬುಟ್ಟಿಗೆ ಹಾಕುವ ಮೊದಲೇ ಕ್ಯಾಶ್‌ಬ್ಯಾಕ್ ಲಿಂಕ್ ಒತ್ತಿ, ಅದೇ ಟ್ಯಾಬಿನಲ್ಲಿ ಖರೀದಿ ಮುಗಿಸಿ. ದಾಖಲಾದ ಮೇಲೂ ಹಣ ಕೈಗೆ ಬರುವುದು ಸಾಮಾನ್ಯವಾಗಿ ವಾಪಸಾತಿ ಅವಧಿ ಕಳೆದ ಮೇಲೆಯೇ. ಅಲ್ಲಿಯ ತನಕ ಆರ್ಡರ್ ನಂಬರಿನ ಸ್ಕ್ರೀನ್‌ಶಾಟ್ ಅಳಿಸಬೇಡಿ.