ಆಫರ್ ಲೆಟರ್ ಮೊದಲು, ಪೇಸ್ಲಿಪ್ ಆಮೇಲೆ: ನನ್ನ ಅನುಭವ

ವಸಂತನರಸಾಪುರದ ಫ್ಯಾಕ್ಟರಿ ಬಿಟ್ಟು ದಾಬಸ್‌ಪೇಟೆಗೆ ಸೇರಿದೆ. ಅಲ್ಲಿಯ ಆಫರ್ ಕೈಗೆ ಬರುವವರೆಗೂ ಅವರಿಗೆ ಒಂದು ಪೇಸ್ಲಿಪ್ ಕೂಡ ಕಳಿಸಲಿಲ್ಲ. "ಸ್ಲಿಪ್ ಕೊಡದಿದ್ರೆ ಯಾರೂ ಮಾತೇ ಆಡ್ಸಲ್ಲ" ಅಂತ ಕಂಪನಿ ಬಸ್ಸಲ್ಲಿ ಎಲ್ಲರೂ ಅಂದಿದ್ದರು.

ನಾನು ಹಟ ಹಿಡಿದದ್ದು ಲೆಕ್ಕ ನೋಡಿದ ಮೇಲೆ. ನನ್ನ ಸಿಟಿಸಿ ಸುಮಾರು 6 ಲಕ್ಷ. ವೇರಿಯಬಲ್ 60 ಸಾವಿರ, ಕಂಪನಿ ಪಾಲಿನ ಪಿಎಫ್ ತಿಂಗಳಿಗೆ 1,800, ಗ್ರಾಚ್ಯುಟಿ, ಇನ್ಶೂರೆನ್ಸ್ ಎಲ್ಲ ಅದರೊಳಗೇ ಇವೆ. ಸ್ಲಿಪ್ಪಿನ ಗ್ರಾಸ್‌ನಲ್ಲಿ ಇವು ಬರುವುದಿಲ್ಲ. ಅಲ್ಲಿರುವುದು 41,500 ಚಿಲ್ಲರೆ. ಅದನ್ನೇ 12 ತಿಂಗಳಿಗೆ ಹಿಡಿದರೆ 5 ಲಕ್ಷ. ಅದರ ಮೇಲೆ 25 ಪರ್ಸೆಂಟ್ ಹಾಕಿ 6.25 ಲಕ್ಷ ಸಿಟಿಸಿ ಅಂತ, ಮೊದಲು ಸ್ಲಿಪ್ ನೋಡಿದ್ದ ಒಂದು ಕಡೆ ಆಫರ್ ಕೊಟ್ಟರು. ದೊಡ್ಡ ಹೈಕ್ ಅಂತ ಹೇಳಿದರು. ನಿಜವಾಗಿ ನನ್ನ ಹಳೇ ಸಿಟಿಸಿಗಿಂತ 25 ಸಾವಿರ ಜಾಸ್ತಿ, ಅದೂ ವರ್ಷಕ್ಕೆ! ಬಸ್, ಕ್ಯಾಂಟೀನ್ ದುಡ್ಡಿಗೇ ಅದು ಸಾಲದು.

ಆಮೇಲೆ "ಕಾನ್ಫಿಡೆನ್ಶಿಯಲ್, ಕೊಡಲ್ಲ" ಅಂತ ನೇರವಾಗಿ ಹೇಳಿ ನೋಡಿದೆ. ಕನ್ಸಲ್ಟೆನ್ಸಿಯವರು ಫೋನ್ ಮಾಡುವುದನ್ನೇ ಬಿಟ್ಟರು. ಮೊತ್ತ ಮುಚ್ಚಿದ ಸ್ಲಿಪ್ ಕಳಿಸಿದೆ. "ಇದರಲ್ಲಿ ಏನಿದೆ ಸಾರ್?" ಅಂದರು. ಆನ್‌ಲೈನ್ ಫಾರ್ಮಿನಲ್ಲಿ ಈಗಿನ ಸಂಬಳದ ಜಾಗಕ್ಕೆ ಸೊನ್ನೆ ಹಾಕಿದೆ. ಕೆಲವು ಒಪ್ಪಿದವು, ಕೆಲವು ಮುಂದೆ ಹೋಗಲು ಬಿಡಲಿಲ್ಲ.

ಕೊನೆಗೆ ಫಲ ಕೊಟ್ಟಿದ್ದು ದಾಬಸ್‌ಪೇಟೆಯವರಿಗೆ ಕಳಿಸಿದ ಇಂಗ್ಲಿಷ್ ಮೇಲ್. ಅದರ ಸಾರ ಇಷ್ಟು: "ಈ ಹುದ್ದೆಗೆ ನನ್ನ ನಿರೀಕ್ಷೆ 8ರಿಂದ 8.5 ಲಕ್ಷ, ಅದರಲ್ಲಿ ಫಿಕ್ಸೆಡ್ 7.2ಕ್ಕೆ ಕಡಿಮೆ ಬೇಡ. ನಿಮ್ಮ ಬಜೆಟ್ ಇದರೊಳಗಿದೆಯಾ ತಿಳಿಸಿ. ಆಫರ್ ಲೆಟರ್ ಬಂದ ದಿನವೇ ಮೂರು ತಿಂಗಳ ಸ್ಲಿಪ್, ಫಾರ್ಮ್ 16 ಕೊಡುತ್ತೇನೆ. ನಿಮ್ಮ ವೆರಿಫಿಕೇಶನ್ ಆದ ಮೇಲೆ ಆಫರ್ ಖಾಯಂ ಆದರೆ ಸಾಕು." ಕೊನೆಯ ಸಾಲು ಬಹಳ ಮುಖ್ಯ. ಎಚ್‌ಆರ್‌ಗೆ ಸುಳ್ಳು ಸಂಬಳದ ಭಯ, ಆ ಸಾಲು ಅದನ್ನು ಕಳೆಯುತ್ತದೆ. ಸಂಖ್ಯೆ ಮೊದಲು ನಾನೇ ಹೇಳಿದ್ದರಿಂದ ಚೌಕಾಸಿ ಶುರುವಾಗಿದ್ದು 8ರಿಂದ, 5ರಿಂದಲ್ಲ. ಫೋನಲ್ಲಿ ಮತ್ತೆ ಒತ್ತಿದಾಗ ಹೇಳುವ ಇನ್ನೊಂದು ಮಾತಿದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಸುಳ್ಳು ಅಂಕಿ ಮಾತ್ರ ಹೇಳಬೇಡಿ. ಪಿಎಫ್ ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳ ಪಿಎಫ್ ವೇತನ ಕಾಣುತ್ತದೆ. ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತಿದ್ದರೆ ಬೇಸಿಕ್ ಎಷ್ಟೆಂದು ಅಲ್ಲೇ ಗೊತ್ತಾಗುತ್ತದೆ. ನನ್ನದು 15,000 ಮಿತಿಯದ್ದು, ಅದರಿಂದ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಫಾರ್ಮ್ 16 ಇದ್ದೇ ಇದೆಯಲ್ಲ.

ಒಂದು ವಾರ ಮೌನ. ನಂತರ 7.8 ಲಕ್ಷದ ಆಫರ್, ಫಿಕ್ಸೆಡ್ 7.2ರ ಆಸುಪಾಸು. ಅವತ್ತೇ ಸ್ಲಿಪ್ ಕಳಿಸಿದೆ. ಎಚ್‌ಆರ್ ಮೇಡಂ ಫೋನ್ ಮಾಡಿ ಕೇಳಿದ್ದು ವೇರಿಯಬಲ್ ಲೆಟರ್ ಒಂದನ್ನೇ. ಹೊಸಬರಿಗೆ, ಕಾಂಟ್ರಾಕ್ಟ್‌ನಲ್ಲಿ ಬರುವವರಿಗೆ ಇದು ನಡೆಯುವುದು ಕಷ್ಟ. ನನಗೆ ಡೈ-ಕಾಸ್ಟಿಂಗ್ ಕ್ವಾಲಿಟಿಯಲ್ಲಿ ಏಳೆಂಟು ವರ್ಷ ಆಗಿತ್ತು, ಆ ಕೆಲಸಕ್ಕೆ ಅವರಿಗೆ ಬೇರೆ ಜನ ಸಿಕ್ಕಿರಲಿಲ್ಲ.